ಆಸಿಡ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮುಂಚೆಯೇ ಯಾಕೆ?

ಪ್ರಶ್ನೆ

ಎದೆಯುರಿಗೆ ಡಾಕ್ಟರು ಒಮೆಪ್ರಜೋಲ್ 20 ಮಿ.ಗ್ರಾಂ, ದಿನಕ್ಕೊಂದು ಬರೆದುಕೊಟ್ಟಿದ್ದಾರೆ. ಚೀಟಿಯಲ್ಲಿ "ಬೆಳಿಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮುಂಚೆ" ಅಂತಿದೆ. ಬೆಳಿಗ್ಗೆ ನನಗೆ ಗಡಿಬಿಡಿ. ಹಾಗಾಗಿ ರಾತ್ರಿ ಊಟ ಮುಗಿಸಿ, ಹತ್ತೂವರೆ ಹೊತ್ತಿಗೆ ನುಂಗಿ ಮಲಗುತ್ತೇನೆ. ಕೆಲವು ವಾರಗಳಾದವು. ಹಗಲು ತಿಂದ ಒಂದು ಗಂಟೆಗೆ ಬರುವ ಉರಿ ಹಾಗೇ ಇದೆ. ದಿನಕ್ಕೊಂದು ಮಾತ್ರೆ ಅಂದಮೇಲೆ ಯಾವಾಗ ತಗೊಂಡರೂ 24 ಗಂಟೆ ಕೆಲಸ ಮಾಡಬೇಕಲ್ವಾ? ಅರ್ಧ ಗಂಟೆಯ ಲೆಕ್ಕ ಸುಮ್ನೆ ಬರೆಯುವುದೋ, ಅದಕ್ಕೆ ಕಾರಣ ಇದೆಯೋ?

ಉತ್ತರ (ಜೀರ್ಣಾಂಗ ತಜ್ಞೆ)

ಕಾರಣ ಇದೆ. ಮಾತ್ರೆ ಕೆಲಸ ಮಾಡಲಿಲ್ಲ ಅಂತ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಕೇಳುವುದೇ "ಎಷ್ಟು ಗಂಟೆಗೆ ತಗೋತೀರಿ" ಅಂತ. ಡೋಸ್ ಹೆಚ್ಚಿಸುವ ಮಾತು ಆಮೇಲೆ.

ಜಠರದ ಗೋಡೆಯಲ್ಲಿ ಪೆರೈಟಲ್ ಕೋಶಗಳಿವೆ. ಆಸಿಡ್ ಹೊರಗೆ ಹಾಕುವ ಪಂಪ್‌ಗಳು ಈ ಕೋಶಗಳಲ್ಲಿವೆ. ಕೋಶ ಸುಮ್ಮನಿದ್ದಾಗ ಹೆಚ್ಚಿನ ಪಂಪ್‌ಗಳು ಒಳಗೇ ಮಡಚಿಕೊಂಡು ಕೂತಿರುತ್ತವೆ. ಆಸಿಡ್ ಬೇಕು ಎಂಬ ಸಂದೇಶ ಬಂದಾಗ ಕೋಶದ ಅಂಚಿಗೆ ಬಂದು, ಅಲ್ಲಿರುವ ಸಣ್ಣ ಕಾಲುವೆಗಳಿಗೆ ಆಸಿಡ್ ಸುರಿಯತೊಡಗುತ್ತವೆ.

ನೀವು ನುಂಗುವ ಮಾತ್ರೆಗೆ ಜಠರದಲ್ಲಿ ಕರಗದಂಥ ಕವಚ ಇದೆ. ಅದು ಜಠರ ದಾಟಿ, ಸಣ್ಣ ಕರುಳಿನಲ್ಲಿ ಕರಗಿ, ರಕ್ತ ಸೇರಿ, ರಕ್ತದ ಮೂಲಕವೇ ಪೆರೈಟಲ್ ಕೋಶಕ್ಕೆ ವಾಪಸ್ ಬರುತ್ತದೆ. ಬಂದಾಗಲೂ ಅದು ಇನ್ನೂ ಔಷಧಿ ಅಲ್ಲ. ಆ ಸಣ್ಣ ಕಾಲುವೆಯಲ್ಲಿ ಬಲವಾದ ಆಸಿಡ್ ಸಿಕ್ಕರೆ ಮಾತ್ರ ಅದರ ರೂಪ ಬದಲಾಗಿ ಪಂಪ್‌ಗೆ ಅಂಟಿಕೊಳ್ಳುತ್ತದೆ. ಅಂಟಿತೆಂದರೆ ಆ ಪಂಪ್‌ನ ಕಥೆ ಬಹುಮಟ್ಟಿಗೆ ಮುಗಿದಂತೆ. ಕೋಶ ಹೊಸ ಪಂಪ್ ಮಾಡಿಕೊಳ್ಳಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ಅದಕ್ಕೇ ದಿನಕ್ಕೊಂದು ಮಾತ್ರೆ ಸಾಕಾಗುವುದು.

ತೊಡಕು ಇರುವುದು ಇಲ್ಲಿ. ಪಂಪ್ ಮೇಲಿನ ಪರಿಣಾಮ ದಿನಗಟ್ಟಲೆ ಉಳಿದರೂ, ಔಷಧಿ ರಕ್ತದಲ್ಲಿ ಇರುವುದು ಕೆಲವೇ ಗಂಟೆ. ಒಮೆಪ್ರಜೋಲ್‌ನ ಪ್ರಮಾಣ ರಕ್ತದಲ್ಲಿ ಸುಮಾರು ಒಂದು ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಆ ಕೆಲವು ಗಂಟೆಗಳಲ್ಲಿ ಯಾವ ಪಂಪ್ ದುಡಿಯುತ್ತಿದೆಯೋ ಅದು ಸಿಕ್ಕಿಬೀಳುತ್ತದೆ. ಒಳಗೆ ಕೂತ ಪಂಪ್ ತಪ್ಪಿಸಿಕೊಳ್ಳುತ್ತದೆ. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಪಂಪ್‌ಗಳು ಯಾವಾಗ ಹೊರಗೆ ಬರುತ್ತವೆ ಎಂದು ನೋಡಬೇಕು.

ಮೊದಲ ಕರೆ ಹೋಗುವುದು ತಲೆಯಿಂದ. ಊಟದ ವಾಸನೆ, ನೋಟ, ನಾಲಿಗೆಗೆ ರುಚಿ, ಅಗಿಯುವುದು, ಕೆಲವೊಮ್ಮೆ ಬರೀ ಯೋಚನೆ. ಮೆದುಳಿನಿಂದ ವೇಗಸ್ ನರದ ಮೂಲಕ ಜಠರಕ್ಕೆ ಸುದ್ದಿ ಮುಟ್ಟುತ್ತದೆ. ಪಾವ್ಲೋವ್ ನಾಯಿಗಳಲ್ಲಿ ಇದನ್ನು ತೋರಿಸಿದ್ದರು. ಅನ್ನನಾಳವನ್ನು ಕುತ್ತಿಗೆಯ ಹತ್ತಿರ ಹೊರಕ್ಕೆ ತೆರೆದಿದ್ದರಿಂದ ನಾಯಿ ತಿಂದದ್ದೆಲ್ಲ ಹೊರಗೇ ಬೀಳುತ್ತಿತ್ತು. ಜಠರಕ್ಕೆ ಒಂದು ತುತ್ತೂ ಹೋಗದಿದ್ದರೂ ಅಲ್ಲಿ ರಸ ಸುರಿಯುತ್ತಿತ್ತು. ವೇಗಸ್ ನರ ಕತ್ತರಿಸಿದ ಮೇಲೆ ಅದು ನಿಂತಿತು. ಜೀರ್ಣಕ್ರಿಯೆಯ ಈ ಕೆಲಸಗಳಿಗೇ ಅವರಿಗೆ 1904ರಲ್ಲಿ ನೊಬೆಲ್ ಬಂತು. ಎಲ್ಲರೂ ನೆನಪಿಡುವುದು ಗಂಟೆ ಬಾರಿಸಿದರೆ ನಾಯಿ ಜೊಲ್ಲು ಸುರಿಸುವ ಕಥೆ, ಅದು ಬೇರೆ ಮಾತು. ಮನುಷ್ಯರಲ್ಲೂ ಅಗಿದು ಉಗುಳಿಸಿ ಅಳೆದಿದ್ದಾರೆ. ಊಟದ ಬಗ್ಗೆ ಬರೀ ಮಾತಾಡಿಸಿದರೂ ಆಸಿಡ್ ಏರಿದ್ದು ಕಂಡಿದೆ. ಒಂದು ಊಟಕ್ಕೆ ಸುರಿಯುವ ಒಟ್ಟು ಆಸಿಡ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಈ ತಲೆಯ ಹಂತದ್ದು.

ಎರಡನೆಯದು ಜಠರದ ಹಂತ. ಅರ್ಧಕ್ಕಿಂತ ಜಾಸ್ತಿ ಆಸಿಡ್ ಬರುವುದು ಇದರಲ್ಲೇ. ಊಟ ಬಂದು ಜಠರ ಹಿಗ್ಗುತ್ತದೆ, ಪ್ರೋಟೀನ್ ಒಡೆದು ಚೂರಾಗುತ್ತದೆ. ಎರಡೂ ಸೇರಿ ಜಠರದ ಕೆಳಭಾಗದ ಕೋಶಗಳಿಂದ ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ರಕ್ತಕ್ಕೆ ಬಿಡಿಸುತ್ತವೆ. ಇದು ಮೂರು ನಾಲ್ಕು ಗಂಟೆ ನಡೆಯುತ್ತದೆ. ಮೂರನೆಯದು ಕರುಳಿನದು. ಸಣ್ಣ ಕರುಳಿಗೆ ಊಟ ಇಳಿದಾಗ ಸ್ವಲ್ಪ ಕುಮ್ಮಕ್ಕು ಅಲ್ಲಿಂದಲೂ ಬರುತ್ತದೆ, ಹೆಚ್ಚೆಂದರೆ ಹತ್ತರಲ್ಲೊಂದು ಪಾಲು. ಆದರೆ ಕರುಳಿನ ದೊಡ್ಡ ಕೆಲಸ "ಇನ್ನು ಸಾಕು" ಅನ್ನುವುದು.

ಈಗ ನಿಮ್ಮ ಮಾತ್ರೆಯ ಹಿಂದೆ ಹೋಗೋಣ. ಎಂಟೂವರೆಗೆ ಊಟ ಅಂತಿಟ್ಟುಕೊಳ್ಳಿ. ಹತ್ತೂವರೆಗೆ ಮಾತ್ರೆ ಒಳಗೆ ಹೋದಾಗ ಜಠರದಲ್ಲಿ ಇನ್ನೂ ಊಟ ಇದೆ. ಕವಚದ ಮಾತ್ರೆ ಅದರ ಜೊತೆ ಕಾಯುತ್ತದೆ. ಕರುಳಿಗಿಳಿದು ರಕ್ತ ಸೇರುವಾಗ ನಡುರಾತ್ರಿ ದಾಟಿರಬಹುದು. ಅಷ್ಟರಲ್ಲಿ ಊಟ ಎಬ್ಬಿಸಿದ ಪಂಪ್‌ಗಳಲ್ಲಿ ಬಹಳಷ್ಟು ವಾಪಸ್ ಒಳಗೆ ಹೋಗಿವೆ. ಸಿಕ್ಕಷ್ಟಕ್ಕೆ ಅಂಟಿ, ಬೆಳಗಿನ ಜಾವದ ಹೊತ್ತಿಗೆ ಔಷಧಿ ಮುಗಿಯಿತು. ಎಂಟು ಗಂಟೆಗೆ ನೀವು ತಿಂಡಿಗೆ ಕೂತಾಗ ರಾತ್ರಿಯಿಡೀ ಒಳಗಿದ್ದ ಪಂಪ್‌ಗಳು ಗುಂಪಾಗಿ ಹೊರಗೆ ಬರುತ್ತವೆ, ಹಿಡಿಯಲು ಯಾರೂ ಇಲ್ಲ.

ಅದೇ ಮಾತ್ರೆ ಏಳೂವರೆಗೆ ನುಂಗಿದ್ದರೆ, ಜಠರ ಖಾಲಿ ಇರುವುದರಿಂದ ಬೇಗ ಕರುಳಿಗೆ ಇಳಿಯುತ್ತದೆ. ಎಂಟು ಗಂಟೆಗೆ ವಾಸನೆ, ಮೊದಲ ತುತ್ತು. ಎಂಟೂವರೆ, ಒಂಬತ್ತಕ್ಕೆ ಜಠರದ ಹಂತ ಜೋರಾಗಿರುವಾಗ ರಕ್ತದಲ್ಲಿ ಔಷಧಿಯೂ ಜೋರಾಗಿರುತ್ತದೆ. ಎರಡೂ ಒಂದೇ ಹೊತ್ತಿಗೆ ಸೇರಬೇಕು, ಅಷ್ಟೇ. ಅರ್ಧ ಗಂಟೆ ಅನ್ನುವುದು ಗಡಿಯಾರ ಹಿಡಿದು ಕೂರುವ ಲೆಕ್ಕ ಅಲ್ಲ. ಅರ್ಧದಿಂದ ಒಂದು ಗಂಟೆ ಆದರೂ ಸರಿ. ಮಾತ್ರೆ ನುಂಗಿ ತಿಂಡಿಯನ್ನೇ ಬಿಟ್ಟರೆ ಮಾತ್ರ ಅರ್ಧ ಕೆಲಸ ಹಾಳು.

ಇನ್ನೊಂದು, ಮೊದಲ ದಿನವೇ ಪೂರ್ತಿ ಗುಣ ಕಾಣುವುದಿಲ್ಲ. ಒಂದು ಸಲಕ್ಕೆ ಎಲ್ಲ ಪಂಪ್‌ಗಳೂ ಹೊರಗೆ ಬರುವುದಿಲ್ಲವಲ್ಲ. ದಿನವೂ ಸ್ವಲ್ಪ ಸ್ವಲ್ಪ ಸಿಕ್ಕಿ, ಮೂರರಿಂದ ಐದು ದಿನಕ್ಕೆ ಒಂದು ಹದಕ್ಕೆ ಬರುತ್ತದೆ. ಹೊತ್ತು ಬದಲಿಸಿ ಎರಡು ವಾರ ನೋಡಿ, ಆಮೇಲೆ ನಿಮ್ಮ ಡಾಕ್ಟರಿಗೆ ಹೇಳಿ.

ಪ್ರಶ್ನೆ ಕೇಳಿದವರು

ಅರ್ಥವಾಯ್ತು ಮೇಡಂ. ಆದರೆ ಒಂದು ಗೊಂದಲ. ಊಟ ಹೋದರೆ ಆಸಿಡ್ ಊಟದ ಜೊತೆ ಬೆರೆತು ತಣ್ಣಗಾಗುತ್ತೆ ಅಂತಾರೆ. ಹಾಗಿದ್ದರೆ ನನಗೆ ಖಾಲಿ ಹೊಟ್ಟೆಯಲ್ಲಿ ಉರಿಯದೆ ತಿಂದ ಮೇಲೆ ಯಾಕೆ ಉರಿಯುತ್ತೆ?

ಫಾರ್ಮಸಿ ವಿದ್ಯಾರ್ಥಿ

ನಾನು ಹೇಳ್ತೀನಿ. ಊಟ ಹೋದಾಗ ಜಠರದ ಪಿಎಚ್ ಏರುತ್ತೆ, ಅಂದರೆ ಆಸಿಡ್‌ನ ತೀವ್ರತೆ ಕಡಿಮೆಯಾಗುತ್ತೆ. ಪಿಎಚ್ ಏರಿದ್ದೇ ಗ್ಯಾಸ್ಟ್ರಿನ್‌ಗೆ ಪ್ರಚೋದನೆ. ಗ್ಯಾಸ್ಟ್ರಿನ್ ಹೋಗಿ ಪೆರೈಟಲ್ ಕೋಶಕ್ಕೆ ಕೂತು ಪಂಪ್ ಚಾಲೂ ಮಾಡುತ್ತೆ. ಅದಕ್ಕೇ ಆಸಿಡ್ ಜಾಸ್ತಿಯಾಗಿ ಉರಿ. ಆಂಟಾಸಿಡ್ ಕುಡಿದರೂ ಪಿಎಚ್ ಏರುತ್ತೆ, ಹಾಗಾಗಿ ಅದೂ ಆಸಿಡ್ ಹೆಚ್ಚಿಸುತ್ತೆ.

ಉತ್ತರ (ಜೀರ್ಣಾಂಗ ತಜ್ಞೆ)

ದಾರಿ ಸರಿ ಇದೆ, ಎರಡು ತಿರುವು ತಪ್ಪಿದೆ.

ಪಿಎಚ್ ಏರುವುದು ತಾನಾಗಿಯೇ ಗ್ಯಾಸ್ಟ್ರಿನ್ ಕೋಶವನ್ನು ಎಬ್ಬಿಸುವುದಿಲ್ಲ. ಗ್ಯಾಸ್ಟ್ರಿನ್ ಕೋಶದ ಪಕ್ಕದಲ್ಲೇ ಡಿ ಕೋಶ ಅಂತ ಇನ್ನೊಂದಿದೆ. ಜಠರದ ಕೆಳಭಾಗದಲ್ಲಿ ಪಿಎಚ್ ಮೂರಕ್ಕಿಂತ ಕೆಳಗಿಳಿದರೆ ಇದು ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನ್ ಬಿಟ್ಟು ಗ್ಯಾಸ್ಟ್ರಿನ್ ಅನ್ನು ಅದುಮುತ್ತದೆ. ಇದು ಬ್ರೇಕ್. ಊಟ ಬಂದು ಆಸಿಡ್ ಬೆರೆತು ಪಿಎಚ್ ನಾಲ್ಕು ಐದಕ್ಕೆ ಏರಿದಾಗ ಬ್ರೇಕ್ ಸಡಿಲವಾಗುತ್ತದೆ. ಆದರೆ ಬ್ರೇಕ್ ಬಿಟ್ಟ ಮಾತ್ರಕ್ಕೆ ಗಾಡಿ ಓಡುವುದಿಲ್ಲವಲ್ಲ. ಓಡಿಸುವುದು ವೇಗಸ್ ನರ, ಹಿಗ್ಗಿದ ಗೋಡೆ, ಪ್ರೋಟೀನ್ ಚೂರು. ಹಾಗಾಗಿ ಆಂಟಾಸಿಡ್ ಒಂದು ಗುಟುಕು ಕುಡಿದರೆ ಗ್ಯಾಸ್ಟ್ರಿನ್ ದಿಢೀರನೆ ಏರಿಬಿಡುತ್ತದೆ ಎಂದು ಹೆದರಬೇಕಿಲ್ಲ. ಕ್ಯಾಲ್ಸಿಯಂ ಇರುವ ಆಂಟಾಸಿಡ್ ಸ್ವಲ್ಪ ಮಟ್ಟಿಗೆ ಆಸಿಡ್ ಹೆಚ್ಚಿಸುವುದುಂಟು, ಅದಕ್ಕೆ ಕಾರಣ ಕ್ಯಾಲ್ಸಿಯಂ.

ಎರಡನೆಯದು, ಗ್ಯಾಸ್ಟ್ರಿನ್ ನೇರವಾಗಿ ಪೆರೈಟಲ್ ಕೋಶಕ್ಕೆ ಹೋಗಬಹುದು, ಅಲ್ಲಿ ಅದು ಕೂರುವ ಜಾಗವೂ ಇದೆ. ಆದರೆ ಹೆಚ್ಚಿನ ಕೆಲಸ ನಡೆಯುವುದು ಸುತ್ತುದಾರಿಯಲ್ಲಿ. ಗ್ಯಾಸ್ಟ್ರಿನ್ ಮೊದಲು ಹೋಗುವುದು ಇಸಿಎಲ್ ಎಂಬ ಕೋಶಗಳಿಗೆ. ಅವು ಹಿಸ್ಟಮೀನ್ ಬಿಡುತ್ತವೆ. ಹಿಸ್ಟಮೀನ್ ಪಕ್ಕದ ಪೆರೈಟಲ್ ಕೋಶವನ್ನು ಎಬ್ಬಿಸುತ್ತದೆ. ಈ ಇಸಿಎಲ್ ಕೋಶದ ಹೆಸರನ್ನು ನೆನಪಿಟ್ಟುಕೊಳ್ಳಿ, ಮಾತ್ರೆ ನಿಲ್ಲಿಸುವ ಮಾತು ಬಂದಾಗ ಬೇಕಾಗುತ್ತದೆ.

ಈಗ ತಿಂದ ಮೇಲಿನ ಉರಿ. ಊಟದ ಜೊತೆ ಆಸಿಡ್ ಬೆರೆತು ತಣ್ಣಗಾಗುವುದು ನಿಜ, ಆದರೆ ಎಲ್ಲ ಕಡೆ ಅಲ್ಲ. ಹೊಸದಾಗಿ ಸುರಿದ ಆಸಿಡ್‌ನಲ್ಲಿ ಒಂದಿಷ್ಟು ಊಟದ ಮೇಲ್ಭಾಗದಲ್ಲಿ, ಅನ್ನನಾಳದ ಬಾಯಿಯ ಹತ್ತಿರ, ಬೆರೆಯದೆ ನಿಲ್ಲುತ್ತದೆ. ಜಠರದ ನಡುವೆ ಪಿಎಚ್ ನಾಲ್ಕಿದ್ದರೂ ಅಲ್ಲಿ ಎರಡರ ಆಸುಪಾಸು ಇರಬಹುದು. ಪಿಎಚ್‌ನಲ್ಲಿ ಎರಡು ಅಂಕಿ ಕಮ್ಮಿ ಅಂದರೆ ಆಸಿಡ್ ನೂರು ಪಟ್ಟು ಗಟ್ಟಿ. ಅದರ ಜೊತೆಗೆ ಜಠರ ಹಿಗ್ಗಿದಾಗ ಅನ್ನನಾಳದ ಕೆಳಗಿನ ಬಿಗಿ ಆಗಾಗ ತಾನಾಗಿ ಸಡಿಲವಾಗುತ್ತದೆ. ಮೇಲೆ ಬರುವುದು ಆ ಬೆರೆಯದ ಆಸಿಡ್. ಖಾಲಿ ಹೊಟ್ಟೆಯಲ್ಲಿ ಆಸಿಡ್ ಗಟ್ಟಿಯಾಗಿದ್ದರೂ ಪ್ರಮಾಣ ಕಡಿಮೆ, ಮೇಲಕ್ಕೆ ತಳ್ಳುವ ಒತ್ತಡವೂ ಕಡಿಮೆ.

ಇನ್ನೊಬ್ಬ ಸದಸ್ಯರು

ಊಟಕ್ಕೆ ಅರ್ಧ ಗಂಟೆ ಮುಂಚೆ ಅಂತ ಓದಿ ನಾನು ಖುಷಿಪಟ್ಟೆ. ನಾನೂ ಹಾಗೇ ಮಾಡುವುದು. ಆ ಬಿಳಿ ಔಷಧಿ ಎರಡು ಚಮಚ ಕುಡಿದು ಅರ್ಧ ಗಂಟೆ ಬಿಟ್ಟು ಊಟಕ್ಕೆ ಕೂರುತ್ತೇನೆ. ಆದರೂ ತಿಂದ ಮೇಲೆ ಹುಳಿತೇಗು ತಪ್ಪಿಲ್ಲ. ಹಾಗಾದರೆ ನಿಮ್ಮ ಲೆಕ್ಕ ಎಲ್ಲರಿಗೂ ಹೊಂದಲ್ಲ ಬಿಡಿ.

ಉತ್ತರ (ಜೀರ್ಣಾಂಗ ತಜ್ಞೆ)

ಸರ್, ನೀವು ಹೇಳುತ್ತಿರುವುದು ಆಂಟಾಸಿಡ್. ಮೇಲೆ ಮಾತಾಡಿದ್ದು ಪಂಪ್ ಮಾತ್ರೆ. ಎರಡರ ಹೊತ್ತು ಉಲ್ಟಾ.

ಆಂಟಾಸಿಡ್ ಪಂಪ್ ಮುಟ್ಟುವುದಿಲ್ಲ. ಈಗಾಗಲೇ ಸುರಿದ ಆಸಿಡ್ ಅನ್ನು ತಣ್ಣಗೆ ಮಾಡುತ್ತದೆ, ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯಲ್ಲಿ ಕರುಳಿಗೆ ಜಾರಿಹೋಗುತ್ತದೆ. ಅಂದರೆ ನೀವು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಅದು ಮುಗಿದಿರುತ್ತದೆ. ಊಟವಾದ ಸುಮಾರು ಒಂದು ಗಂಟೆಗೆ ಕುಡಿದರೆ ಊಟದ ಜೊತೆ ನಿಂತು ಎರಡು ಮೂರು ಗಂಟೆ ಕೆಲಸ ಮಾಡುತ್ತದೆ. ಹೊತ್ತು ಬದಲಿಸಿ ನೋಡಿ. ಕಿಡ್ನಿ ತೊಂದರೆ ಇದ್ದರೆ ಅಥವಾ ಬೇರೆ ಮಾತ್ರೆಗಳಿದ್ದರೆ ಮೊದಲು ಕೇಳಿಕೊಳ್ಳಿ. ಕೆಲವು ಔಷಧಿಗಳು ದೇಹ ಸೇರದಂತೆ ಆಂಟಾಸಿಡ್ ತಡೆಯುತ್ತದೆ.

ನಿವೃತ್ತ ಶರೀರಕ್ರಿಯಾ ಶಾಸ್ತ್ರ ಅಧ್ಯಾಪಕರು

ಡಾಕ್ಟ್ರೇ, ಚೆನ್ನಾಗಿ ಹೇಳಿದಿರಿ. ಒಂದು ತಕರಾರು ಮಾತ್ರ ಇದೆ. ಮೊದಲನೆಯದು, ಎರಡನೆಯದು, ಮೂರನೆಯದು ಅಂತ ಹೇಳಿದಾಗ ಒಂದು ಮುಗಿದು ಇನ್ನೊಂದು ಶುರುವಾಗುತ್ತೆ ಅಂತ ಜನ ತಿಳಿಯುತ್ತಾರೆ. ತರಗತಿಯಲ್ಲೂ ಮಕ್ಕಳು ಹಾಗೇ ಬರೆಯುತ್ತಿದ್ದರು. ಅರ್ಧ ಊಟ ಆಗುವ ಹೊತ್ತಿಗೆ ಮೊದಲ ತುತ್ತಿನ ಅಂಶ ಕರುಳು ಮುಟ್ಟಿರುತ್ತದೆ. ತಲೆ ಇನ್ನೂ "ಸುರಿ" ಅನ್ನುತ್ತಿರುತ್ತದೆ, ಜಠರ "ಸುರಿ" ಅನ್ನುತ್ತಿರುತ್ತದೆ, ಕರುಳು "ನಿಧಾನ" ಅನ್ನತೊಡಗುತ್ತದೆ. ಮೂರೂ ಒಟ್ಟಿಗೆ. ಹಂತ ಅನ್ನುವುದಕ್ಕಿಂತ ಮೂರು ಕಡೆಯಿಂದ ಬರುವ ಆಜ್ಞೆ ಅಂದರೆ ವಾಸಿ.

ಮೂರನೇ ಒಂದು ಪಾಲು, ಅರ್ಧಕ್ಕಿಂತ ಜಾಸ್ತಿ ಅಂತ ಅಂಕಿ ಹೇಳುವುದೂ ಅಷ್ಟೇ. ಒಂದೊಂದು ಪ್ರಯೋಗದಲ್ಲಿ ಒಂದೊಂದು ಬರುತ್ತೆ. ಬಾಯಲ್ಲಿ ಅಗಿಸಿ ಉಗುಳಿಸಿದಾಗ ಒಂದು, ಟ್ಯೂಬ್‌ನಲ್ಲಿ ನೇರ ಜಠರಕ್ಕೆ ಹಾಕಿದಾಗ ಇನ್ನೊಂದು. ನಿಜವಾಗಿ ಕೂತು ಉಣ್ಣುವವನಲ್ಲಿ ಇವನ್ನು ಬಿಡಿಸಿ ಅಳೆಯೋಕಾಗಲ್ಲ. ತಲೆ ಕಳಿಸುವ ಸಂದೇಶ ಇಲ್ಲದಿದ್ದರೆ ಜಠರದ ಪಾಲೂ ಅಷ್ಟಿರುವುದಿಲ್ಲ, ಒಂದನ್ನೊಂದು ಹೆಚ್ಚಿಸುತ್ತವೆ.

ಇನ್ನೊಂದು ಸೇರಿಸುತ್ತೇನೆ, ಇದು ನನಗೆ ಇಷ್ಟದ ವಿಷಯ. ಮಕ್ಕಳು ವೇಗಸ್ ನರದ ತುದಿ ಬಿಡುವ ರಾಸಾಯನಿಕ ಅಂದಕೂಡಲೇ ಅಸಿಟೈಲ್‌ಕೋಲಿನ್ ಅಂತ ಬರೆದು ಮುಂದೆ ಹೋಗುತ್ತಾರೆ. ಪೆರೈಟಲ್ ಕೋಶಕ್ಕೆ ಅದು ಸರಿ. ಆದರೆ ಗ್ಯಾಸ್ಟ್ರಿನ್ ಕೋಶದ ಹತ್ತಿರ ನರದ ತುದಿ ಬಿಡುವುದು ಬೇರೊಂದು ಪೆಪ್ಟೈಡ್, ಜಿಆರ್‌ಪಿ ಅಂತ. ಆಟ್ರೋಪಿನ್ ಕೊಟ್ಟರೆ ಅಸಿಟೈಲ್‌ಕೋಲಿನ್ ದಾರಿ ಮುಚ್ಚುತ್ತದೆ, ಆದರೂ ಊಟಕ್ಕೆ ಗ್ಯಾಸ್ಟ್ರಿನ್ ಏರುವುದು ನಿಲ್ಲುವುದಿಲ್ಲ. ಒಂದೇ ನರ, ಎರಡು ಭಾಷೆ.

ಉತ್ತರ (ಜೀರ್ಣಾಂಗ ತಜ್ಞೆ)

ಒಪ್ಪಿದೆ ಸರ್, ಒಟ್ಟಿಗೇ ನಡೆಯುತ್ತವೆ. ನಾನು ಹೇಳಿದ ಪಾಲುಗಳನ್ನು ಅಂದಾಜು ಅಂತಲೇ ಓದಿಕೊಳ್ಳಲಿ.

ಕರುಳಿನ "ನಿಧಾನ" ಅನ್ನುವ ಮಾತನ್ನು ನಾನು ಬೇಗ ದಾಟಿಸಿಬಿಟ್ಟೆ. ಸಣ್ಣ ಕರುಳಿನ ಮೊದಲ ಭಾಗಕ್ಕೆ ಆಸಿಡ್ ಇಳಿದರೆ ಅಲ್ಲಿಂದ ಸೆಕ್ರೆಟಿನ್ ಬರುತ್ತದೆ. ಇದನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ ಕಂಡುಹಿಡಿದರು, ನರ ಇಲ್ಲದೆ ರಕ್ತದ ಮೂಲಕ ಸಂದೇಶ ಹೋಗುತ್ತದೆ ಅಂತ ಮೊದಲು ತೋರಿಸಿದ್ದು ಇದರಲ್ಲೇ. ಅದು ಮೇದೋಜೀರಕ ಗ್ರಂಥಿಯಿಂದ ಕ್ಷಾರ ರಸ ಸುರಿಸುತ್ತದೆ, ಜಠರದ ಆಸಿಡ್ ಅನ್ನೂ ತಗ್ಗಿಸುತ್ತದೆ. ಕೊಬ್ಬು ಇಳಿದರೆ ಬೇರೆ ಹಾರ್ಮೋನ್‌ಗಳು ಬಂದು ಆಸಿಡ್ ಕಡಿಮೆ ಮಾಡುತ್ತವೆ, ಜಠರ ಖಾಲಿಯಾಗುವುದನ್ನೂ ನಿಧಾನ ಮಾಡುತ್ತವೆ. ಇದರಿಂದ ಒಂದು ತಮಾಷೆ ಆಗುತ್ತದೆ. ಜಾಸ್ತಿ ಕೊಬ್ಬಿನ ಊಟ ಲೆಕ್ಕದಲ್ಲಿ ಆಸಿಡ್ ಕಡಿಮೆ ಮಾಡುತ್ತದೆ. ಆದರೆ ಊಟ ಜಠರದಲ್ಲಿ ಹೆಚ್ಚು ಹೊತ್ತು ಕೂರುವುದರಿಂದ ಮೇಲಕ್ಕೆ ಬರುವ ಅವಕಾಶ ಜಾಸ್ತಿ. ಎದೆಯುರಿ ಅಂದರೆ ಆಸಿಡ್ ಹೆಚ್ಚಾಯಿತು ಅಂತಲೇ ಅಲ್ಲ. ಬಹಳ ಜನರಲ್ಲಿ ಆಸಿಡ್ ಎಲ್ಲರಷ್ಟೇ ಇರುತ್ತದೆ, ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

ಒಬ್ಬ ಸದಸ್ಯೆ

ನನ್ನದೂ ಕೇಳಿ ಮೇಡಂ. ಹೊಟ್ಟೆ ಉಬ್ಬರ ಅಂತ ಇದೇ ಜಾತಿಯ ಮಾತ್ರೆ ಶುರು ಮಾಡಿದ್ದು, ತಿಂಗಳುಗಟ್ಟಲೆ ತಗೊಂಡೆ. ಹೆಚ್ಚು ದಿನ ತಗೋಬಾರದು ಅಂತ ಯಾರೋ ಹೇಳಿದರು, ದಿಢೀರ್ ಬಿಟ್ಟೆ. ವಾರದೊಳಗೆ ಎಂದೂ ಇರದಂಥ ಎದೆಯುರಿ. ಮೊದಲು ನನಗೆ ಉರಿಯೇ ಇರಲಿಲ್ಲ! ಹೆದರಿ ಮತ್ತೆ ಶುರು ಮಾಡಿದೆ, ಉರಿ ಹೋಯ್ತು. ಅಂದರೆ ಒಳಗೆ ಕಾಯಿಲೆ ಇತ್ತು, ಮಾತ್ರೆ ಅದನ್ನು ಮುಚ್ಚಿಟ್ಟಿತ್ತು ಅಂತಾನಾ? ಇನ್ನು ಜೀವಮಾನ ಪೂರ್ತಿ ಬೇಕಾ?

ಉತ್ತರ (ಜೀರ್ಣಾಂಗ ತಜ್ಞೆ)

ಹಾಗೆ ತೀರ್ಮಾನಿಸುವ ಮುಂಚೆ ಒಂದು ಕೇಳಬೇಕು. ಮಂಡಿ, ಸೊಂಟ ಅಂತ ನೋವಿನ ಮಾತ್ರೆ ದಿನವೂ ತಗೋತೀರಾ? ರಕ್ತ ತೆಳುವಾಗಿಸುವ ಮಾತ್ರೆ? ಹಿಂದೆ ಹುಣ್ಣು, ರಕ್ತಸ್ರಾವ ಆಗಿತ್ತಾ? ಎಂಡೋಸ್ಕೊಪಿಯಲ್ಲಿ ಅನ್ನನಾಳದ ಗಾಯ ಕಂಡಿತ್ತಾ? ಇದರಲ್ಲಿ ಒಂದಕ್ಕಾದರೂ ಹೌದು ಅಂದರೆ ನಿಮ್ಮಷ್ಟಕ್ಕೆ ಮಾತ್ರೆ ಬಿಡಬೇಡಿ.

ಯಾವುದೂ ಇಲ್ಲ ಅಂದರೆ, ನೀವು ಹೇಳುತ್ತಿರುವುದು ಕಾಯಿಲೆ ಅಲ್ಲದೆಯೂ ಇರಬಹುದು. ಮೇಲೆ ಬ್ರೇಕ್ ಅಂದೆನಲ್ಲ, ಅದನ್ನೇ ಇಲ್ಲಿಗೆ ತನ್ನಿ. ಪಂಪ್ ಮಾತ್ರೆಯಿಂದ ಜಠರದಲ್ಲಿ ಆಸಿಡ್ ತಿಂಗಳುಗಟ್ಟಲೆ ಕಡಿಮೆ. ಆಸಿಡ್ ಇಲ್ಲದಿದ್ದರೆ ಡಿ ಕೋಶ ಸುಮ್ಮನಿರುತ್ತದೆ. ಒಂದು ಸಲದ ಆಂಟಾಸಿಡ್‌ನಿಂದ ಏನೂ ಆಗದಿದ್ದರೂ, ತಿಂಗಳುಗಟ್ಟಲೆ ಬ್ರೇಕ್ ಇಲ್ಲದೆ ದಿನವೂ ಊಟ ಬರುತ್ತಿದ್ದರೆ ಗ್ಯಾಸ್ಟ್ರಿನ್ ಮೇಲೇ ಇರುತ್ತದೆ. ಆ ಗ್ಯಾಸ್ಟ್ರಿನ್ ಇಸಿಎಲ್ ಕೋಶಗಳನ್ನು ಬೆಳೆಸುತ್ತದೆ, ಅವು ದಪ್ಪಗಾಗಿ ಸಂಖ್ಯೆಯೂ ಏರುತ್ತದೆ. ಮಾತ್ರೆ ಇರುವವರೆಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕೊನೆಯ ಬಾಗಿಲಾದ ಪಂಪ್ ಮುಚ್ಚಿದೆ. ಮಾತ್ರೆ ಬಿಟ್ಟಾಗ ಪಂಪ್‌ಗಳು ಕೆಲವೇ ದಿನಗಳಲ್ಲಿ ವಾಪಸ್ ಬರುತ್ತವೆ. ಬೆಳೆದ ಇಸಿಎಲ್ ಕೋಶಗಳು ಕುಗ್ಗಲು ವಾರಗಳು ಬೇಕು. ನಡುವಿನ ಆ ವಾರಗಳಲ್ಲಿ ಪ್ರತಿ ಊಟಕ್ಕೂ ಮೊದಲಿಗಿಂತ ಜಾಸ್ತಿ ಹಿಸ್ಟಮೀನ್, ಜಾಸ್ತಿ ಆಸಿಡ್.

ಇದನ್ನು ಏನೂ ತೊಂದರೆ ಇಲ್ಲದ ಆರೋಗ್ಯವಂತರಲ್ಲೇ ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಥ 120 ಜನರಲ್ಲಿ ಒಂದು ಗುಂಪಿಗೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ಇನ್ನೊಂದು ಗುಂಪಿಗೆ ಮೊದಲಿನಿಂದಲೂ ಔಷಧಿಯಿಲ್ಲದ ಹುಸಿ ಮಾತ್ರೆ. ನಿಲ್ಲಿಸಿದ ಮೇಲಿನ ನಾಲ್ಕು ವಾರಗಳಲ್ಲಿ ಎದೆಯುರಿ, ಹುಳಿತೇಗು, ಅಜೀರ್ಣದಂಥ ತೊಂದರೆ ಕಂಡದ್ದು ನಿಜವಾದ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 44 ಜನರಲ್ಲಿ, ಹುಸಿ ಮಾತ್ರೆಯವರಲ್ಲಿ 15 ಜನರಲ್ಲಿ. ಮೊದಲು ಉರಿಯೇ ಇರದವರಲ್ಲಿ ಮಾತ್ರೆ ಬಿಟ್ಟದ್ದೇ ಉರಿ ತಂದಿತು. ನಿಮ್ಮ ಕಥೆಗೆ ಇದು ಹತ್ತಿರ ಇದೆ.

ಇದು ತಾತ್ಕಾಲಿಕ ಉರಿಯೋ ನಿಜವಾದ ಕಾಯಿಲೆಯೋ ಹೇಗೆ ತಿಳಿಯುವುದು? ಬಿಟ್ಟ ಒಂದೆರಡು ವಾರದಲ್ಲಿ ಜೋರಾಗಿ ಶುರುವಾಗಿ, ಮುಂದಿನ ವಾರಗಳಲ್ಲಿ ಇಳಿಯುತ್ತಾ ಬಂದರೆ ತಾತ್ಕಾಲಿಕ ಅನ್ನುವ ಕಡೆ ವಾಲುತ್ತೇನೆ. ಎರಡು ತಿಂಗಳಾದರೂ ಇಳಿಯದಿದ್ದರೆ ಪರೀಕ್ಷೆ ಬೇಕು. ನೀವು ವಾರದೊಳಗೇ ಮತ್ತೆ ಶುರು ಮಾಡಿದ್ದರಿಂದ ಎರಡನ್ನೂ ಹೇಳಲಾಗದು. ಮತ್ತೆ, ಉಬ್ಬರಕ್ಕೆ ಆಸಿಡ್ ಕಾರಣವಾಗಿರುವುದು ಅಷ್ಟಕ್ಕಷ್ಟೇ. ಆ ಮಾತ್ರೆ ನಿಮಗೆ ಮೊದಲೇ ಬೇಕಿತ್ತಾ ಅನ್ನುವುದನ್ನೂ ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಫಾರ್ಮಸಿ ವಿದ್ಯಾರ್ಥಿ

ಹಾಗಾದರೆ ದಿಢೀರ್ ಬಿಡದೆ, ಡೋಸ್ ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ ಮಾಡಿ ಬಿಟ್ಟರೆ ಈ ತೊಂದರೆ ಬರಲ್ಲ ಅಲ್ವಾ? ನಮಗೆ ಹಾಗೇ ಹೇಳಿಕೊಟ್ಟಿದ್ದಾರೆ.

ಉತ್ತರ (ಜೀರ್ಣಾಂಗ ತಜ್ಞೆ)

ನಾನೂ ಹೆಚ್ಚಾಗಿ ಹಾಗೇ ಬಿಡಿಸುತ್ತೇನೆ. ಆದರೆ ಅದರಿಂದ ಗ್ಯಾರಂಟಿ ಅನ್ನುವಷ್ಟು ಪುರಾವೆ ಇಲ್ಲ. ನಿಧಾನ ಬಿಟ್ಟರೂ ಒಂದೇ ಸಲ ಬಿಟ್ಟರೂ ಸರಿ ಅನ್ನುವ ಮಾರ್ಗಸೂಚಿಯೂ ಇದೆ. ಈ ಉರಿ ಬರಬಹುದು, ಕೆಲವು ವಾರ ಇರಬಹುದು ಅಂತ ಮೊದಲೇ ಹೇಳಿಟ್ಟರೆ ಜನ ಹೆದರಿ ವಾಪಸ್ ಶುರು ಮಾಡುವುದು ಕಡಿಮೆ. ಆ ವಾರಗಳಿಗೆ ಬೇಕಾದಾಗ ಆಂಟಾಸಿಡ್ ಅಥವಾ ಫಾಮೊಟಿಡಿನ್ ಕೊಡುತ್ತೇನೆ. ಹಿಸ್ಟಮೀನ್ ಜಾಸ್ತಿ ಆಗಿರುವುದೇ ತೊಂದರೆ ಆದ್ದರಿಂದ, ಹಿಸ್ಟಮೀನ್ ದಾರಿ ಮುಚ್ಚುವ ಮಾತ್ರೆ ಅಲ್ಲಿಗೆ ಹೊಂದುತ್ತದೆ.

ನಿವೃತ್ತ ಶರೀರಕ್ರಿಯಾ ಶಾಸ್ತ್ರ ಅಧ್ಯಾಪಕರು

ನನಗೆ ನಿಧಾನವಾಗಿ ಬಿಡುವುದರಲ್ಲಿ ತರ್ಕ ಕಾಣುತ್ತದೆ. ಆಸಿಡ್ ಸ್ವಲ್ಪ ಸ್ವಲ್ಪ ವಾಪಸ್ ಬಂದರೆ ಸೊಮ್ಯಾಟೋಸ್ಟ್ಯಾಟಿನ್ ಎಚ್ಚರಗೊಳ್ಳುತ್ತದೆ, ಗ್ಯಾಸ್ಟ್ರಿನ್ ಇಳಿಯುತ್ತದೆ. ಪುರಾವೆ ಸಾಲದು ಅಂದಮಾತ್ರಕ್ಕೆ ಸುಳ್ಳು ಅಂತಲ್ಲ.

ಉತ್ತರ (ಜೀರ್ಣಾಂಗ ತಜ್ಞೆ)

ಸುಳ್ಳು ಅನ್ನಲಿಲ್ಲ ಸರ್. ತರ್ಕ ಚೆನ್ನಾಗಿದ್ದು ರೋಗಿಯಲ್ಲಿ ಕಾಣದ ಎಷ್ಟೋ ಸಂಗತಿಗಳಿವೆ, ಅಷ್ಟೇ.

ಇನ್ನೊಬ್ಬ ಸದಸ್ಯೆ

ಚಿಕ್ಕ ಪ್ರಶ್ನೆ. ಅಗಿದರೆ ಸಾಕು ಆಸಿಡ್ ಬರುತ್ತೆ ಅಂದಿರಿ. ಹಾಗಾದರೆ ಚ್ಯೂಯಿಂಗ್ ಗಮ್ ಎದೆಯುರಿಗೆ ಕೆಟ್ಟದ್ದಾ? ನನಗೆ ಊಟವಾದ ಮೇಲೆ ಅಗಿದರೆ ಉರಿ ಕಮ್ಮಿ ಅನ್ನಿಸುತ್ತೆ.

ಉತ್ತರ (ಜೀರ್ಣಾಂಗ ತಜ್ಞೆ)

ನಿಮಗೆ ಅನ್ನಿಸುವುದರಲ್ಲಿ ಹುರುಳಿದೆ. ಅಗಿದಾಗ ಜೊಲ್ಲು ಜಾಸ್ತಿ ಬರುತ್ತದೆ, ಜೊಲ್ಲು ಸ್ವಲ್ಪ ಕ್ಷಾರ, ಪದೇ ಪದೇ ನುಂಗುವುದರಿಂದ ಅನ್ನನಾಳ ತೊಳೆದುಕೊಳ್ಳುತ್ತದೆ. ಊಟವಾದ ಮೇಲೆ ಜಠರದಲ್ಲಿ ಹೇಗಿದ್ದರೂ ಆಸಿಡ್ ಸುರಿಯುತ್ತಿದೆ, ಗಮ್ ಅದಕ್ಕೆ ಸೇರಿಸುವುದು ದೊಡ್ಡದಲ್ಲ. ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಅಗಿಯುವುದು ಬೇರೆ ವಿಷಯ. ಅಲ್ಲಿ ಜಠರಕ್ಕೆ ಸಿಗುವುದು ಕರೆ ಮಾತ್ರ, ಬೆರೆಸಿಕೊಳ್ಳಲು ಊಟ ಇಲ್ಲ. ಸ್ವಲ್ಪ ಹೊತ್ತು ಅಗಿಯುವುದರಿಂದ ಯಾರಿಗೆ ತೊಂದರೆಯಾಗುತ್ತದೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ.

ಪ್ರಶ್ನೆ ಕೇಳಿದವರು

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಮಾತ್ರೆ ಎದ್ದ ಕೂಡಲೇ, ಸ್ನಾನ ಮುಗಿಸಿ ತಿಂಡಿ. ಹಗಲಿನ ಉರಿ ಬಹಳ ಕಡಿಮೆ. ಆದರೆ ವಾರದಲ್ಲಿ ಒಂದೆರಡು ರಾತ್ರಿ ಒಂದು ಗಂಟೆ ಹೊತ್ತಿಗೆ ಉರಿಯಿಂದ ಎಚ್ಚರವಾಗುತ್ತೆ. ಅದು ಯಾಕೆ? ರಾತ್ರಿ ಊಟ ಇಲ್ಲ, ವಾಸನೆ ಇಲ್ಲ, ಪಂಪ್ ಎಬ್ಬಿಸುವವರು ಯಾರು? ರಾತ್ರಿಗೆ ಇನ್ನೊಂದು ಒಮೆಪ್ರಜೋಲ್ ಸೇರಿಸಲಾ?

ಉತ್ತರ (ಜೀರ್ಣಾಂಗ ತಜ್ಞೆ)

ಊಟ ಇಲ್ಲದಾಗಲೂ ಸ್ವಲ್ಪ ಆಸಿಡ್ ಬರುತ್ತಲೇ ಇರುತ್ತದೆ, ಜೋರು ಊಟಕ್ಕೆ ಬರುವುದರ ಸುಮಾರು ಹತ್ತರಲ್ಲೊಂದು ಅಂತಿಟ್ಟುಕೊಳ್ಳಿ. ಇದು ದಿನದಲ್ಲಿ ಒಂದೇ ಸಮ ಇರುವುದಿಲ್ಲ. ಬೆಳಿಗ್ಗೆ ಕಡಿಮೆ, ಸಂಜೆಯಿಂದ ಏರಿ ನಡುರಾತ್ರಿ ಸುಮಾರಿಗೆ ಜಾಸ್ತಿ. ಇದರಲ್ಲಿ ಹಿಸ್ಟಮೀನ್‌ನ ಕೈ ದೊಡ್ಡದು. ಬೆಳಗಿನ ಮಾತ್ರೆ ಸಿಕ್ಕದ ಪಂಪ್‌ಗಳು ಮತ್ತು ಹೊಸದಾಗಿ ಬಂದವು ಆಗ ದುಡಿಯುತ್ತವೆ. ಬೆರೆಸಿಕೊಳ್ಳಲು ಊಟವೂ ಇಲ್ಲ, ಮಲಗಿದ್ದರಿಂದ ಮೇಲೆ ಬಂದದ್ದು ಬೇಗ ಕೆಳಗಿಳಿಯುವುದೂ ಇಲ್ಲ.

ಮೊದಲು ರಾತ್ರಿ ಊಟ ಮತ್ತು ಮಲಗುವುದರ ನಡುವೆ ಮೂರು ಗಂಟೆ ಬಿಡಿ. ಮಂಚದ ತಲೆಯ ಕಡೆಯ ಕಾಲುಗಳನ್ನು ಎತ್ತರಿಸಿ, ಬರೀ ದಿಂಬು ಸೇರಿಸಿದರೆ ಹೊಟ್ಟೆ ಮಡಚುತ್ತದೆ ಅಷ್ಟೇ. ಅದಕ್ಕೂ ಬಗ್ಗದಿದ್ದರೆ ಎರಡನೇ ಒಮೆಪ್ರಜೋಲ್ ಮಲಗುವಾಗ ಬೇಡ. ಬೇಕಾದರೆ ಅದನ್ನು ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವುದುಂಟು. ಮಲಗುವಾಗ ಹೊಂದುವುದು ಫಾಮೊಟಿಡಿನ್, ಅದಕ್ಕೆ ಪಂಪ್ ಹೊರಗೆ ಬಂದಿರಬೇಕು ಅನ್ನುವ ಹಂಗಿಲ್ಲ. ಆದರೆ ಅದನ್ನು ದಿನವೂ ತಗೊಂಡರೆ ಒಂದೆರಡು ವಾರದಲ್ಲೇ ಜಠರ ಒಗ್ಗಿಕೊಂಡು ಪರಿಣಾಮ ತಗ್ಗುತ್ತದೆ. ತಡವಾಗಿ ಉಂಡ ರಾತ್ರಿಗಳಿಗೆ ಮಾತ್ರ ಇಟ್ಟುಕೊಳ್ಳುವುದು ಲೇಸು. ಯಾವುದನ್ನು ಸೇರಿಸುವುದಾದರೂ ನಿಮ್ಮ ಡಾಕ್ಟರು ಬರೆಯಲಿ.

ನುಂಗುವಾಗ ಸಿಕ್ಕಿಕೊಂಡಂತಾಗುವುದು, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ಹೊತ್ತು ಬದಲಿಸುತ್ತಾ ಕೂರಬೇಡಿ, ಬೇಗ ತೋರಿಸಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಎದೆ ಬಿಗಿತವನ್ನು ಆಸಿಡ್ ಅಂದುಕೊಳ್ಳಲೇಬೇಡಿ. ಅಂಥದ್ದು ಬಂದರೆ ಅವತ್ತೇ ಹೃದಯದ ಪರೀಕ್ಷೆ ಮಾಡಿಸಿ.

ಫಾರ್ಮಸಿ ವಿದ್ಯಾರ್ಥಿ

ಮೇಡಂ, ವೊನೊಪ್ರಜಾನ್ ಅಂತ ಹೊಸದೊಂದು ಇದೆಯಲ್ಲ, ಅದಕ್ಕೂ ತಿಂಡಿಯ ಮುಂಚೆ ಅನ್ನುವ ಲೆಕ್ಕ ಇದೆಯಾ?

ಉತ್ತರ (ಜೀರ್ಣಾಂಗ ತಜ್ಞೆ)

ಇಲ್ಲ. ಅದೂ ಅದೇ ಪಂಪ್ ಮೇಲೆ ಕೂರುತ್ತದೆ, ಆದರೆ ಪೊಟ್ಯಾಸಿಯಂ ಹೋಗುವ ಜಾಗವನ್ನು ಮುಚ್ಚುತ್ತದೆ. ರೂಪ ಬದಲಿಸಲು ಅದಕ್ಕೆ ಆಸಿಡ್ ಬೇಡ, ಹಾಗಾಗಿ ಊಟದ ಹೊತ್ತಿಗೆ ಕಾಯಬೇಕಿಲ್ಲ. ಮೊದಲ ದಿನವೇ ಹೆಚ್ಚಿನ ಗುಣ ಕಾಣುತ್ತದೆ. ಗ್ಯಾಸ್ಟ್ರಿನ್ ಮಾತ್ರ ಇದರಲ್ಲಿ ಇನ್ನೂ ಜಾಸ್ತಿ ಏರುತ್ತದೆ, ಆಸಿಡ್ ಇನ್ನೂ ಹೆಚ್ಚು ತಗ್ಗುವುದರಿಂದ.